ಕಂಬ ಒಂಬತ್ತಿಂಚಿಗೆ ಇಳಿಸಬಹುದಾ? ನಾಲ್ಕು ಮಹಡಿ ಮನೆಯ ಒಂದು ಕಾಲಂನ ಲೆಕ್ಕ

ಸ್ಟ್ರಕ್ಚರಲ್ ಡ್ರಾಯಿಂಗ್ ಕೈಗೆ ಸಿಕ್ಕ ಕೂಡಲೇ ಮನೆ ಯಜಮಾನರು ಮೊದಲು ನೋಡುವುದು ಕಾಲಂ ಅಳತೆಯನ್ನೇ. ಈ ಪ್ರಕರಣದಲ್ಲೂ ಹಾಗೇ ಆಯಿತು. ನೆಲಮಹಡಿ, ಅದರ ಮೇಲೆ ಮೂರು ಮಹಡಿ, ಒಟ್ಟು ನಾಲ್ಕು. ಮಧ್ಯದ ಕಾಲಂಗಳಿಗೆ 300 x 450 ಎಂಎಂ, ಮೂಲೆಯವಕ್ಕೆ 300 x 300 ಎಂಎಂ ಅಂತ ಪ್ರಾಥಮಿಕ ಡ್ರಾಯಿಂಗ್ ಕೊಟ್ಟಿದ್ದೆ. ಅದಕ್ಕೆ ಬಂದ ಸಂದೇಶ ಇದು:

"ಸರ್, ಪಿಲ್ಲರ್ ಎಲ್ಲಾ 9 ಇಂಚು ಮಾಡಿಬಿಡಿ. ಗೋಡೆಯೊಳಗೆ ಮುಚ್ಚಿಹೋಗುತ್ತೆ. ಹಾಲ್‌ನಲ್ಲಿ ಮೂಲೆಮೂಲೆಗೆ ಉಬ್ಬಿಕೊಂಡಿದ್ರೆ ನೋಡೋಕೆ ಚೆನ್ನಾಗಿರಲ್ಲ. ಬೇಕಿದ್ರೆ ಕಬ್ಬಿಣ ಜಾಸ್ತಿ ಹಾಕೋಣ. ಮೇಸ್ತ್ರಿನೂ ಆಗುತ್ತೆ ಅಂದ್ರು. ಹಿಂದಿನ ಬೀದಿ ಮನೆಗೆ 9 ಇಂಚೇ ಹಾಕಿದ್ದಾರೆ, ಏನೂ ಆಗಿಲ್ಲ. ಇರೋರು ನಾವು ಐದೇ ಜನ."

ಕೇಳಿದ್ದರಲ್ಲಿ ತಪ್ಪೇನಿಲ್ಲ. ದುಡ್ಡು ಹಾಕಿ ಕಟ್ಟಿಸುವವರಿಗೆ ಕೋಣೆಯೊಳಗೆ ಚಾಚಿಕೊಂಡ ಪ್ರತಿ ಇಂಚೂ ಕಣ್ಣಿಗೆ ಕುತ್ತುತ್ತದೆ. "ಆಗಲ್ಲ" ಅಂತ ಒಂದೇ ಮಾತಲ್ಲಿ ಮುಗಿಸಿದರೆ ಅವರು ಸುಮ್ಮನಾಗಬಹುದು. ಆದರೆ ಸೈಟಿನಲ್ಲಿ ಮೇಸ್ತ್ರಿ ಹೇಳಿದ ಮಾತೇ ಗೆಲ್ಲುತ್ತದೆ. ಹಾಗಾಗಿ ಒಂದೇ ಒಂದು ಕಾಲಂ ಹಿಡಿದು, ಅದರ ಮೇಲೆ ಏನೇನು ಬಂದು ಕೂರುತ್ತದೆ ಅಂತ ಲೆಕ್ಕ ಹಾಕಿ ಕಳಿಸಿದೆ. ಆಮೇಲೆ ಬಂದ ಮರುಪ್ರಶ್ನೆಗಳು, ಕೊನೆಗೆ ಆದ ತೀರ್ಮಾನ ಎಲ್ಲವೂ ಕೆಳಗಿವೆ. ಲೆಕ್ಕವನ್ನು ಟನ್‌ನಲ್ಲೇ ಇಟ್ಟಿದ್ದೇನೆ. 10 ಕಿಲೋನ್ಯೂಟನ್ ಅಂದರೆ ಸುಮಾರು 1 ಟನ್.

ಬರೆದ ಉತ್ತರ

ನಮಸ್ಕಾರ ಸರ್.

ನಿಮ್ಮ ಮನೆಯ ಸಿ5 ಕಾಲಂ ತಗೊಳ್ಳೋಣ. ಹಾಲ್ ಮತ್ತು ಮಲಗುವ ಕೋಣೆ ಸೇರುವ ಕಡೆ ಇದೆಯಲ್ಲ, ನಿಮಗೆ ಜಾಸ್ತಿ ಬೇಜಾರಾಗಿರುವುದೂ ಅದರ ಮೇಲೇ.

ಭಾರ ಯಾವ ದಾರಿಯಲ್ಲಿ ಇಳಿಯುತ್ತದೆ ಅನ್ನೋದನ್ನ ಮೊದಲು ನೋಡೋಣ. ನೀವು ಹಾಲ್‌ನಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ನಿಮ್ಮ ತೂಕವನ್ನು ಮೊದಲು ಹೊರುವುದು ಸ್ಲ್ಯಾಬ್. ಸ್ಲ್ಯಾಬ್ ಅದನ್ನು ಸುತ್ತಲಿನ ಬೀಮ್‌ಗಳಿಗೆ ದಾಟಿಸುತ್ತದೆ. ಬೀಮ್ ಎರಡೂ ತುದಿಯ ಕಾಲಂಗಳಿಗೆ ಹಂಚುತ್ತದೆ. ಕಾಲಂ ಕೆಳಗಿನ ಮಹಡಿಯ ಕಾಲಂಗೆ, ಅದು ಇನ್ನೂ ಕೆಳಗಿನದಕ್ಕೆ, ಕೊನೆಗೆ ಫೂಟಿಂಗ್‌ಗೆ, ಅಲ್ಲಿಂದ ಮಣ್ಣಿಗೆ. ಗೋಡೆಗಳು ಈ ದಾರಿಯಲ್ಲಿ ಸಹಾಯಕ್ಕೆ ಬರುವುದಿಲ್ಲ. ಫ್ರೇಮ್ ಕಟ್ಟಡದಲ್ಲಿ ಗೋಡೆ ಹೊರುವ ವಸ್ತು ಅಲ್ಲ, ಹೊರಿಸುವ ವಸ್ತು. ಅದು ತನ್ನ ತೂಕವನ್ನೂ ಬೀಮ್ ಮೇಲೆ ಹಾಕುತ್ತದೆ.

ಒಂದು ಕಾಲಂಗೆ ಎಷ್ಟು ಜಾಗದ ಭಾರ ಅಂತ ತಿಳಿಯಲು ಸುಲಭ ದಾರಿ ಇದೆ. ಪಕ್ಕದ ಕಾಲಂವರೆಗಿನ ಅಂತರದಲ್ಲಿ ಅರ್ಧ ಇದರದ್ದು, ಅರ್ಧ ಅದರದ್ದು. ಸಿ5ರ ಎಡಕ್ಕೂ ಬಲಕ್ಕೂ 4 ಮೀಟರ್ ಇದೆ. ಮುಂದೆ 4.5, ಹಿಂದೆ 3.5 ಮೀಟರ್. ಎಲ್ಲದರ ಅರ್ಧ ತಗೊಂಡರೆ 4 x 4, ಅಂದರೆ 16 ಚದರ ಮೀಟರ್. ಅಷ್ಟು ಜಾಗದಲ್ಲಿ ಇರುವುದೆಲ್ಲ ಸಿ5ರ ಪಾಲು.

ಈಗ ಒಂದು ಮಹಡಿಯ ತೂಕ ನೋಡಿ. 125 ಎಂಎಂ ದಪ್ಪದ ಸ್ಲ್ಯಾಬ್ ಚದರ ಮೀಟರ್‌ಗೆ ಸುಮಾರು 310 ಕೆಜಿ ತೂಗುತ್ತದೆ. ಮೇಲಿನ ಟೈಲ್ಸ್, ಅದರಡಿಯ ಗಾರೆ, ಕೆಳಗಿನ ಪ್ಲಾಸ್ಟರ್ ಸೇರಿ ಇನ್ನೊಂದು 150. ಅಂದರೆ 460 ಕೆಜಿ. 16 ಚದರ ಮೀಟರ್‌ಗೆ 7.4 ಟನ್. ಸಿ5ಕ್ಕೆ ಸೇರಿದ ಬೀಮ್ ಉದ್ದ 8 ಮೀಟರ್. 230 x 450ರ ಬೀಮ್‌ನಲ್ಲಿ ಸ್ಲ್ಯಾಬ್‌ಗಿಂತ ಕೆಳಗೆ ಇಳಿಯುವ ಭಾಗ 1.5 ಟನ್ ಆಗುತ್ತದೆ. ಆ ಬೀಮ್‌ಗಳ ಮೇಲೆ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ, ಎರಡೂ ಕಡೆ ಪ್ಲಾಸ್ಟರ್. ಬಾಗಿಲಿನ ಜಾಗ ಬಿಟ್ಟರೂ 5 ಟನ್. ಕಾಲಂನ ಸ್ವಂತ ತೂಕ 1 ಟನ್. ಇನ್ನು ಜನ, ಮಂಚ, ಬೀರು, ಸೋಫಾ, ಹಬ್ಬಕ್ಕೆ ಬಂದ ನೆಂಟರು ಇವೆಲ್ಲಕ್ಕೂ ವಾಸದ ಕೋಣೆಗೆ ಚದರ ಮೀಟರ್‌ಗೆ 200 ಕೆಜಿ ಹಿಡಿಯಬೇಕು ಅಂತ ಕೋಡ್ ಹೇಳುತ್ತದೆ. ಅದು 3.2 ಟನ್. ಎಲ್ಲಾ ಕೂಡಿದರೆ ಒಂದು ಮಹಡಿಗೆ 18.1 ಟನ್.

ತಾರಸಿಯಲ್ಲಿ ಗೋಡೆ ಇಲ್ಲ. ಆದರೆ ನೀರು ಇಳಿಯದಂತೆ ಹಾಕುವ ಇಳಿಜಾರಿನ ಪದರ ಇದೆ, ಅದು ಟೈಲ್ಸ್‌ಗಿಂತ ಭಾರ. ಅಲ್ಲಿ 13.9 ಟನ್ ಬರುತ್ತದೆ. ನೀರಿನ ಟ್ಯಾಂಕ್ ಮೆಟ್ಟಿಲ ಬಳಿಯ ನಾಲ್ಕು ಕಾಲಂ ಮೇಲಿದೆ, ಸಿ5ಕ್ಕೆ ಅದರ ಭಾರ ಇಲ್ಲ.

ನೆಲಮಹಡಿಯ ಸಿ5 ಮೇಲೆ ಮೂರು ಮಹಡಿ, ಒಂದು ತಾರಸಿ:

```
3 x 18.1 + 13.9 = 68.2 ಟನ್
```

ನೀವು "ಇರೋರು ಐದೇ ಜನ" ಅಂದಿರಲ್ಲ, ಅದಕ್ಕೆ ಉತ್ತರ ಇದರೊಳಗೇ ಇದೆ. ಈ 68 ಟನ್‌ನಲ್ಲಿ ಜನ ಮತ್ತು ಸಾಮಾನಿನ ಪಾಲು 12 ಟನ್ ಮಾತ್ರ. ಉಳಿದ 56 ಟನ್ ಮನೆಯದ್ದೇ ತೂಕ. ನೀವೆಲ್ಲ ಬೀಗ ಹಾಕಿಕೊಂಡು ಊರಿಗೆ ಹೋದರೂ ಆ 56 ಟನ್ ಹಗಲೂ ರಾತ್ರಿ ಕಾಲಂ ಮೇಲೇ ಕೂತಿರುತ್ತದೆ.

ಇನ್ನು ಕಾಲಂನ ಶಕ್ತಿ. ಕಾಂಕ್ರೀಟ್ ಕಟ್ಟಡಗಳ ಭಾರತೀಯ ಕೋಡ್ ಐಎಸ್ 456ರಲ್ಲಿ ನೇರ ಭಾರಕ್ಕೆ ಒಂದು ಸೂತ್ರ ಇದೆ:

```
Pu = 0.4 fck Ac + 0.67 fy Asc
```

Pu ಅಂದರೆ ಕಾಲಂ ಹೊರಬಲ್ಲ ಭಾರ. ಮೊದಲ ಭಾಗ ಕಾಂಕ್ರೀಟಿನದ್ದು, fck ಅದರ ಬಲ, Ac ಅದರ ವಿಸ್ತೀರ್ಣ. ಎರಡನೆಯದು ಕಬ್ಬಿಣದ್ದು, fy ಅದರ ಬಲ, Asc ಅದರ ವಿಸ್ತೀರ್ಣ. ನಮ್ಮದು ಎಂ25 ಕಾಂಕ್ರೀಟ್, 500 ಗ್ರೇಡಿನ ಕಬ್ಬಿಣ, ಅಂದರೆ ಚದರ ಎಂಎಂಗೆ 25 ಮತ್ತು 500 ನ್ಯೂಟನ್ ಬಲದವು. ಕಾಲಂ ವಿಸ್ತೀರ್ಣದ 1 ಶೇಕಡಾ ಕಬ್ಬಿಣ ಹಿಡಿದರೆ ಪ್ರತಿ ಚದರ ಎಂಎಂಗೆ 13.25 ನ್ಯೂಟನ್ ಸಿಗುತ್ತದೆ. ಈ ಒಂದು ಅಂಕಿ ನೆನಪಿದ್ದರೆ ಯಾವ ಕಾಲಂ ಅಳತೆಯನ್ನಾದರೂ ಕಾಗದದ ಚೂರಿನಲ್ಲಿ ಅಂದಾಜು ಮಾಡಬಹುದು. ನೀವು ಕೇಳಿದ 9 ಇಂಚು ಅಂದರೆ 230 ಎಂಎಂ. 230 x 230 ಅಂದರೆ 52,900 ಚದರ ಎಂಎಂ. ಶಕ್ತಿ ಸುಮಾರು 70 ಟನ್.

ಇಲ್ಲೇ ಎಲ್ಲರೂ ಎಡವುವುದು. ಭಾರ 68, ಶಕ್ತಿ 70, ಮತ್ತೇನು ತೊಂದರೆ ಅನ್ನಿಸುತ್ತದೆ ಅಲ್ವಾ? ತೊಂದರೆ ಏನಂದರೆ ಈ ಎರಡು ಅಂಕಿ ಒಂದೇ ಬಗೆಯವಲ್ಲ. 70 ಅನ್ನುವುದು ಕಾಲಂ ಕೈಬಿಡುವ ಹಂತಕ್ಕೆ ಲೆಕ್ಕ ಹಾಕಿದ ಶಕ್ತಿ. ಅದರ ಪಕ್ಕ ಇಡಬೇಕಾದ್ದು ಸುರಕ್ಷತೆಗೆ ಹೆಚ್ಚಿಸಿದ ಭಾರ. ಕೋಡ್ ಪ್ರಕಾರ ಆ ಹೆಚ್ಚಳ ಒಂದೂವರೆ ಪಟ್ಟು. ಸ್ಲ್ಯಾಬ್ ಒಂದಿಷ್ಟು ದಪ್ಪ ಬಿದ್ದಿರಬಹುದು, ಮುಂದೆ ಯಾರೋ ಟೈಲ್ಸ್ ಮೇಲೆ ಟೈಲ್ಸ್ ಹಾಕಿಸಬಹುದು. ಅಂಥದ್ದಕ್ಕೆಲ್ಲ ಇಟ್ಟ ಅವಕಾಶ ಅದು. 68ರ ಒಂದೂವರೆ ಪಟ್ಟು 102 ಟನ್. ಮಧ್ಯದ ಕಾಲಂಗೆ ಬೀಮ್‌ಗಳಿಂದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಪಾಲು ಬರುತ್ತದೆ, ಜೊತೆಗೆ ಒಂದಿಷ್ಟು ಬಾಗಿಸುವ ಬಲವೂ ಬರುತ್ತದೆ. ಹಾಗಾಗಿ ಮೊದಲ ಅಂದಾಜಿಗೆ ನಾನು ಇನ್ನೂ 20 ಶೇಕಡಾ ಸೇರಿಸುತ್ತೇನೆ. 123 ಟನ್ ಆಯಿತು.

123 ಟನ್ನನ್ನು 13.25ರಿಂದ ಭಾಗಿಸಿದರೆ ಬೇಕಾದ ವಿಸ್ತೀರ್ಣ ಸುಮಾರು 92,500 ಚದರ ಎಂಎಂ. ಅಂದರೆ 300 x 310. ಇದು ಬರೀ ಮೇಲಿಂದ ಕೆಳಕ್ಕೆ ಇಳಿಯುವ ಭಾರಕ್ಕೆ. ಭೂಮಿ ನಡುಗಿದಾಗ ಕಟ್ಟಡ ಅಡ್ಡಕ್ಕೆ ತೂಗುತ್ತದಲ್ಲ, ಅದಕ್ಕೂ ಕಾಲಂನಲ್ಲಿ ಶಕ್ತಿ ಉಳಿದಿರಬೇಕು. ಪ್ರಾಥಮಿಕ ಡ್ರಾಯಿಂಗ್‌ನಲ್ಲಿ 300 x 450 ಹಾಕಿದ್ದು ಅದಕ್ಕೇ. ಗೋಡೆ ಯಾವ ಇಟ್ಟಿಗೆಯದ್ದು ಅಂತ ಆಗ ನಿಗದಿಯಾಗಿರಲಿಲ್ಲ, ಭಾರದ್ದೇ ಅಂತ ಹಿಡಿದಿದ್ದೆ. ಅದನ್ನು ಬದಲಾಯಿಸಿದರೆ ಸ್ವಲ್ಪ ಇಳಿಸಲು ಜಾಗ ಇದೆ. ಆದರೆ 9 ಇಂಚಿಗೆ ಇಳಿಯುವುದಿಲ್ಲ.

ಹಿಂದಿನ ಬೀದಿಯ ಮನೆಯನ್ನು ನಾನು ನೋಡಿಲ್ಲ, ಅದರ ಬಗ್ಗೆ ಏನೂ ಹೇಳಲಾರೆ. ಒಂದು ಮಾತ್ರ ಹೇಳುತ್ತೇನೆ. ಎರಡೇ ಮಹಡಿ ಇದ್ದು, ಕಾಲಂಗಳ ಅಂತರ 3 ಮೀಟರ್ ಇದ್ದರೆ, ಮಧ್ಯದ ಕಾಲಂಗೆ 18 ಟನ್ ಆಸುಪಾಸು ಬರುತ್ತದೆ. ಅದು ನಿಮ್ಮ ಸಿ5ರ ಕಾಲು ಭಾಗದಷ್ಟೇ. ಹೊರಗಿನಿಂದ ನೋಡಿದರೆ ಎರಡೂ ಕಾಲಂ ಒಂದೇ ಥರ ಕಾಣುತ್ತವೆ. ಕಾಲಂ ನೋಡುವ ಮುಂಚೆ ಅದರ ತಲೆ ಮೇಲೆ ಎಷ್ಟು ಮಹಡಿ, ಪಕ್ಕದ ಕಾಲಂ ಎಷ್ಟು ದೂರ ಅಂತ ನೋಡಬೇಕು.

"ಕಬ್ಬಿಣ ಜಾಸ್ತಿ ಹಾಕಿದ್ರೆ?"

ಉತ್ತರ ಓದಿ ಅವರು ಒಂದು ಒಳ್ಳೆಯ ಪ್ರಶ್ನೆ ಕೇಳಿದರು. ಸೂತ್ರದಲ್ಲಿ ಎರಡು ಭಾಗ ಇದೆಯಲ್ಲ, ಕಾಂಕ್ರೀಟಿನ ಭಾಗ ಕಡಿಮೆ ಆದರೆ ಕಬ್ಬಿಣದ ಭಾಗ ಹೆಚ್ಚಿಸಿ ಸರಿದೂಗಿಸಬಹುದಲ್ವಾ? ಮೇಸ್ತ್ರಿಯ ವಾದವೂ ಅದೇ.

ಸೂತ್ರಕ್ಕೆ ಅಂಕಿ ಹಾಕಿದರೆ ಅವರ ಮಾತು ನಿಜ ಅನ್ನಿಸುವ ಹಾಗೇ ಬರುತ್ತದೆ. 230 x 230ಕ್ಕೆ 3 ಶೇಕಡಾ ಕಬ್ಬಿಣ ಹಾಕಿದರೆ 104 ಟನ್. 4 ಶೇಕಡಾ ಹಾಕಿದರೆ 122 ಟನ್, ನಮಗೆ ಬೇಕಾದ 123ಕ್ಕೆ ಹತ್ತಿರವೇ. ಇಲ್ಲಿಗೆ ನಿಲ್ಲಿಸಿದರೆ ಮೇಸ್ತ್ರಿ ಗೆದ್ದಂತೆ. ಆದರೆ ಆ ಸೂತ್ರವನ್ನು ಇಂಥ ಸಣ್ಣ ಕಾಲಂಗೆ ಹಾಗೇ ಬಳಸಲು ಕೋಡ್ ಬಿಡುವುದಿಲ್ಲ.

ಯಾಕಂದರೆ ಸೆಂಟ್ರಿಂಗ್ ಎಷ್ಟೇ ಚೆನ್ನಾಗಿ ಕಟ್ಟಿದರೂ ಕಾಲಂ ತೂಗುಗುಂಡಿಗೆ ಪೂರ್ತಿ ನೇರ ಬರುವುದಿಲ್ಲ. ಮೇಲಿನ ಮಹಡಿಯ ಕಾಲಂ ಕೆಳಗಿನದರ ನಡುಮಧ್ಯಕ್ಕೇ ಕೂರುವುದೂ ಇಲ್ಲ. ಆದ್ದರಿಂದ ಭಾರ ಮಧ್ಯಬಿಂದುವಿನಿಂದ ಕನಿಷ್ಠ 20 ಎಂಎಂ ಸರಿದಿದೆ ಅಂತಲೇ ಹಿಡಿದು ಲೆಕ್ಕ ಹಾಕಬೇಕು. ಮೇಲಿನ ಸೂತ್ರ ಅನ್ವಯ ಆಗುವುದು ಈ ಸರಿತ ಕಾಲಂ ಬದಿಯ ಇಪ್ಪತ್ತನೇ ಒಂದು ಭಾಗದೊಳಗೆ ಇದ್ದರೆ ಮಾತ್ರ. 230ರ ಇಪ್ಪತ್ತನೇ ಒಂದು ಭಾಗ ಹನ್ನೊಂದೂವರೆ ಎಂಎಂ. 400 ಎಂಎಂ ಬದಿಗೆ ಸರಿಯಾಗಿ 20 ಬರುತ್ತದೆ. 300 ಬದಿಗೆ 15 ಅಷ್ಟೇ, ಹಾಗಾಗಿ ಆ ದಿಕ್ಕಿನಲ್ಲಿ ನನ್ನ ಕಾಲಂಗೂ ಬಾಗುವಿಕೆಯ ಪೂರ್ತಿ ಲೆಕ್ಕ ಬೇಕೇ ಬೇಕು, ಸೂತ್ರ ಬರೀ ಅಂದಾಜಿಗೆ. ವ್ಯತ್ಯಾಸ ಏನಂದರೆ 300 x 450ರಲ್ಲಿ ಆ ಬಾಗುವಿಕೆಗೆ ಬೇಕಾದಷ್ಟು ಶಕ್ತಿ ಉಳಿದಿರುತ್ತದೆ. 230ರಲ್ಲಿ ಇರುವುದೆಲ್ಲ ನೇರ ಭಾರಕ್ಕೇ ಮುಗಿದಿರುತ್ತದೆ.

ಸಪೂರ ಆದಷ್ಟೂ ಇನ್ನೊಂದು ಕಾಟ ಶುರುವಾಗುತ್ತದೆ. ಬೀಮ್ ತಳದವರೆಗಿನ ಎತ್ತರ 2.55 ಮೀಟರ್. ಅಡ್ಡಕ್ಕೆ ತೂಗುವ ಫ್ರೇಮ್‌ನಲ್ಲಿ ಇದನ್ನು 1.2 ಪಟ್ಟಾದರೂ ಹಿಡಿಯಬೇಕು, ಅಂದರೆ 3.06 ಮೀಟರ್. ಅದನ್ನು 230ರಿಂದ ಭಾಗಿಸಿದರೆ 13 ದಾಟುತ್ತದೆ. 12 ದಾಟಿದರೆ ಅದು ಗಿಡ್ಡ ಕಾಲಂ ಅಲ್ಲ, ನೀಳ ಕಾಲಂ. ಭಾರ ಬಿದ್ದಾಗ ತಾನೇ ಸ್ವಲ್ಪ ಬಾಗಿ, ಬಾಗಿದ್ದರಿಂದ ಇನ್ನಷ್ಟು ಬಲ ಬೀಳಿಸಿಕೊಳ್ಳುತ್ತದೆ. ಅದಕ್ಕೂ ಕಬ್ಬಿಣ ಹಾಕುತ್ತಾ ಹೋಗಬೇಕು.

ಇಷ್ಟೆಲ್ಲ ಅಂಕಿ ಹೇಳಿದರೂ ಅವರ ಮುಖದಲ್ಲಿ ಒಪ್ಪಿಗೆ ಕಾಣಲಿಲ್ಲ. ಆಗ ಒಂದು ಪ್ಲೈವುಡ್ ಹಲಗೆಯ ಮೇಲೆ 230 x 230ರ ಚೌಕವನ್ನು ನಿಜವಾದ ಅಳತೆಯಲ್ಲೇ ಗೀಚಿದೆ. ಸುತ್ತಲೂ ಕಬ್ಬಿಣವನ್ನು ಮುಚ್ಚುವ ಕಾಂಕ್ರೀಟಿನ 40 ಎಂಎಂ ಕವರ್, ಒಳಗೆ 8 ಎಂಎಂ ರಿಂಗ್. 4 ಶೇಕಡಾ ಅಂದರೆ ನಾಲ್ಕು ಮೂಲೆಗೆ 20 ಎಂಎಂ ರಾಡು, ಪ್ರತಿ ಬದಿಯ ನಡುವೆ ಒಂದೊಂದು 16 ಎಂಎಂ. ಬಾರ್ ಬೆಂಡರ್ ಹತ್ತಿರ ಬಿದ್ದಿದ್ದ ತುಂಡು ರಾಡುಗಳನ್ನು ಆಯಾ ಜಾಗದಲ್ಲಿ ನಿಲ್ಲಿಸಿದೆವು. ಮೂಲೆಯ ರಾಡಿಗೂ ನಡುವಿನದಕ್ಕೂ ಮಧ್ಯೆ 39 ಎಂಎಂ ಸಂದು ಉಳಿಯಿತು. ಅಷ್ಟಿದ್ದರೆ ಪರವಾಗಿಲ್ಲ. ಆದರೆ ಮೇಲಿನ ಮಹಡಿಯ ರಾಡು ಕೆಳಗಿನದರ ಪಕ್ಕ ಕೂತು ಲ್ಯಾಪ್ ಆಗಬೇಕಲ್ಲ, ಆ ಜಾಗದಲ್ಲಿ ಎಂಟು ರಾಡು ಹದಿನಾರಾಗುತ್ತವೆ. ಮೂಲೆ ರಾಡಿನ ಪಕ್ಕ ಇನ್ನೊಂದು 20 ಎಂಎಂ ತುಂಡು ಇಟ್ಟಾಗ ಸಂದು 19 ಎಂಎಂಗೆ ಇಳಿಯಿತು. ಯಜಮಾನರು ತಾವೇ ಕಾಂಕ್ರೀಟಿನ ಜಲ್ಲಿಯೊಂದನ್ನು ಎತ್ತಿ ಆ ಸಂದಿಗೆ ಹಾಕಿ ನೋಡಿದರು. ಅಲ್ಲೇ ಸಿಕ್ಕಿಕೊಂಡಿತು. 20 ಎಂಎಂ ಜಲ್ಲಿ ಅದು.

ಜಲ್ಲಿ ಸಿಕ್ಕಿಕೊಂಡರೆ ಏನಾಗುತ್ತದೆ ಅಂತ ಮೇಸ್ತ್ರಿಗೆ ಯಾರೂ ಹೇಳಿಕೊಡಬೇಕಿಲ್ಲ. ಗಾರೆ ಒಂದು ಕಡೆ ಇಳಿಯುತ್ತದೆ, ಜಲ್ಲಿ ಒಂದು ಕಡೆ ನಿಲ್ಲುತ್ತದೆ. ಸೆಂಟ್ರಿಂಗ್ ಬಿಚ್ಚಿದಾಗ ಕಾಲಂ ಬುಡದಲ್ಲಿ, ಬೀಮ್ ಸೇರುವ ಕಡೆ ತೂತು ತೂತು ಕಾಣುತ್ತದೆ. ಸೈಟಿನಲ್ಲಿ ಹನಿಕೋಂಬ್ ಅನ್ನುವುದು ಅದಕ್ಕೇ. ಹೊರಗೆ ಕಂಡದ್ದಕ್ಕೆ ಸಿಮೆಂಟ್ ಮೆತ್ತುತ್ತಾರೆ. ಒಳಗೆ, ರಾಡುಗಳ ನಡುವೆ ಉಳಿದ ಪೊಳ್ಳು ಕಾಣುವುದೇ ಇಲ್ಲ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಆ ಜಾಗದಲ್ಲಿ ಸದ್ದು ಟೊಳ್ಳಾಗಿ ಬರುತ್ತದೆ, ಅಷ್ಟು ಮಾತ್ರ ಗೊತ್ತಾಗುತ್ತದೆ. ಕಬ್ಬಿಣ ಜಾಸ್ತಿ ಹಾಕಿ ಗಳಿಸಿದ ಶಕ್ತಿ ಇಲ್ಲಿ ಸೋರಿಹೋಗುತ್ತದೆ. ಲ್ಯಾಪ್ ಇರುವ ಕಾಲಂನಲ್ಲಿ 4 ಶೇಕಡಾ ದಾಟಬೇಡಿ ಅಂತ ಕೋಡ್ ಹೇಳುವುದೂ ಇದಕ್ಕೇ. ನನ್ನನ್ನು ಕೇಳಿದರೆ ಮನೆ ಕಾಲಂನಲ್ಲಿ 2 ಶೇಕಡಾ ದಾಟಿದಾಗಲೇ ಕಾಲಂ ಅಳತೆ ಸಾಲದು ಅಂತ ಅರ್ಥ ಮಾಡಿಕೊಳ್ಳಬೇಕು.

ಇನ್ನೂ ಒಂದು ಇಕ್ಕಟ್ಟು ಅದೇ ಹಲಗೆಯ ಮೇಲೆ ಕಂಡಿತು. ಬೀಮ್ ಅಗಲವೂ 230, ಕಾಲಂ ಅಗಲವೂ 230. ಬೀಮ್‌ನ ಅಂಚಿನ ರಾಡು ಬಂದು ನೇರವಾಗಿ ಕಾಲಂನ ಮೂಲೆ ರಾಡಿಗೇ ಹೊಡೆಯುತ್ತದೆ. ಸೈಟಿನಲ್ಲಿ ಆಗ ಯಾವುದಾದರೂ ಒಂದನ್ನು ಬಗ್ಗಿಸುತ್ತಾರೆ, ಬಗ್ಗಿಸಿದ್ದನ್ನು ಡ್ರಾಯಿಂಗ್‌ನಲ್ಲಿ ಯಾರೂ ಬರೆದಿರುವುದಿಲ್ಲ. ಕಾಲಂ 300 ಇದ್ದರೆ ಎರಡೂ ಕಡೆ 35 ಎಂಎಂ ಬಿಡುವು ಸಿಗುತ್ತದೆ, ಬೀಮ್ ರಾಡು ನೇರವಾಗಿ ಒಳಗೆ ಹೋಗುತ್ತದೆ.

ಕಬ್ಬಿಣದ ಮಾತೇ ನಡೆಯದ ಜಾಗ

ಇದುವರೆಗಿನದು ಕಷ್ಟಪಟ್ಟರೆ ಹೇಗೋ ದಾಟಬಹುದು ಅನ್ನುವಂಥ ತೊಡಕುಗಳು. ಭೂಕಂಪದ ಲೆಕ್ಕದಲ್ಲಿ ಆ ಆಸೆಯೂ ಇಲ್ಲ.

ಭೂಕಂಪಕ್ಕೆ ತಾಳುವಂತೆ ವಿವರ ಕೊಡಬೇಕಾದ ಕಟ್ಟಡಗಳಿಗೆ ಐಎಸ್ 13920ರ 2016ರ ಆವೃತ್ತಿ ಎರಡು ಕಟ್ಟುನಿಟ್ಟು ಹಾಕುತ್ತದೆ. ಕಾಲಂನ ಯಾವ ಬದಿಯೂ 300 ಎಂಎಂಗಿಂತ ಸಣ್ಣದಿರಬಾರದು ಅನ್ನುವುದು ಒಂದು. ಭೂಕಂಪ ಸೇರಿದ ಲೆಕ್ಕದಲ್ಲಿ ಕಾಲಂ ಮೇಲಿನ ನೇರ ಒತ್ತಡ ಕಾಂಕ್ರೀಟ್ ಬಲದ 0.4 ಭಾಗ ದಾಟಬಾರದು ಅನ್ನುವುದು ಇನ್ನೊಂದು. ಎರಡನೆಯದನ್ನು ಗಮನವಿಟ್ಟು ನೋಡಿ. ಅದರಲ್ಲಿ ಕಬ್ಬಿಣದ ಹೆಸರೇ ಇಲ್ಲ. ಎಂ25ಕ್ಕೆ 0.4 ಅಂದರೆ ಚದರ ಎಂಎಂಗೆ 10 ನ್ಯೂಟನ್. 230 x 230ಕ್ಕೆ 53 ಟನ್ ಸಿಗುತ್ತದೆ. ಈ ಲೆಕ್ಕಕ್ಕೆ ಭಾರವನ್ನು 1.2 ಪಟ್ಟು ಹಿಡಿಯುತ್ತೇವೆ, 68 ಟನ್ 82 ಆಗುತ್ತದೆ. 53ರ ಮಿತಿಗೆ 82. ರಾಡು ಎಷ್ಟೇ ತುರುಕಿದರೂ ಈ ಅಂಕಿ ಅಲ್ಲಾಡುವುದಿಲ್ಲ.

ಈ ಮಿತಿ ಯಾಕಿದೆ ಅಂತ ಅವರೂ ಕೇಳಿದರು. ಕಟ್ಟಡ ಅಡ್ಡಕ್ಕೆ ತೂಗುವಾಗ ಕಾಲಂ ಮುರಿಯದೆ ಸ್ವಲ್ಪ ಬಾಗಿ ವಾಪಸ್ ಬರಬೇಕು. ಆಗಲೇ ತನ್ನ ಶಕ್ತಿಯ ತುದಿವರೆಗೆ ಒತ್ತಿಸಿಕೊಂಡಿರುವ ಕಾಂಕ್ರೀಟ್ ಬಾಗಲಾರದು. ಒಂದು ಬದಿ ಪುಡಿಯಾಗಿ, ಕವರ್ ಉದುರಿ, ರಾಡು ಹೊರಗೆ ಉಬ್ಬುತ್ತದೆ. ಆಗ ಎಚ್ಚರಿಕೆಗೆ ಸಮಯವೂ ಇರುವುದಿಲ್ಲ. ಬೀಮ್‌ನಲ್ಲಿ ಬಿರುಕು ಬಿಟ್ಟರೆ ಒಂದು ಕೋಣೆಗೆ ತೊಂದರೆ. ನೆಲಮಹಡಿಯ ಕಾಲಂ ಕೈಬಿಟ್ಟರೆ ಮೇಲಿನ ನಾಲ್ಕೂ ಸ್ಲ್ಯಾಬ್ ಅದರ ಹಿಂದೆಯೇ ಬರುತ್ತವೆ. ಅದಕ್ಕೇ ಸೇರುವ ಬಿಂದುವಿನಲ್ಲಿ ಕಾಲಂಗಳ ಬಾಗುವ ಶಕ್ತಿ ಬೀಮ್‌ಗಳದ್ದಕ್ಕಿಂತ 1.4 ಪಟ್ಟಾದರೂ ಇರಬೇಕು ಅನ್ನುವ ನಿಯಮ. ನಮ್ಮ ಬೀಮ್ 450 ಎಂಎಂ ಆಳದ್ದು. ಅದರ ಕೆಳಗೆ 230ರ ಕಾಲಂ ಇಟ್ಟರೆ ಲೆಕ್ಕ ತಲೆಕೆಳಗಾಗುತ್ತದೆ. ಬಾಗುವಿಕೆಗೆ ತೋರುವ ಬಿಗಿ ನೋಡಿದರೆ ಆ ಬೀಮ್ ಆ ಕಾಲಂನ ಏಳು ಪಟ್ಟಿಗಿಂತ ಜಾಸ್ತಿ.

ನೆಲಮಹಡಿಯಲ್ಲಿ ಅರ್ಧ ಜಾಗ ಕಾರ್ ನಿಲ್ಲಿಸಲು ಬಿಟ್ಟಿರುವುದರಿಂದ ಅಲ್ಲಿ ಗೋಡೆಗಳೂ ಕಡಿಮೆ. ಮೇಲಿನ ಮಹಡಿಗಳು ಗೋಡೆಯಿಂದ ಬಿಗಿಯಾಗಿರುತ್ತವೆ, ತೂಗಾಟವೆಲ್ಲ ಕೆಳಗೇ ಬೀಳುತ್ತದೆ. ಸಪೂರ ಕಾಲಂ ಕೇಳಲು ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ.

ಮೂಲೆಯ ಕಾಲಂ ಮತ್ತು ಇನ್ನೆರಡು ಉಪಾಯ

"ಮೂಲೆಯದ್ದಾದ್ರೂ 9 ಇಂಚು ಮಾಡಿ, ಅಲ್ಲಿ ಕಾಲು ಭಾಗವೇ ಭಾರ ಅಲ್ವಾ" ಅಂದರು. ಜಾಗದ ಲೆಕ್ಕದಲ್ಲಿ ಅದು ನಿಜ. ಮೂಲೆ ಕಾಲಂಗೆ ಬರುವುದು ನಾಲ್ಕೂವರೆ ಚದರ ಮೀಟರ್ ಅಷ್ಟೇ. ಆದರೆ ಅಲ್ಲಿ ಎರಡು ದಿಕ್ಕಿಗೂ 9 ಇಂಚಿನ ಹೊರಗೋಡೆ ಇದೆ, ಮೇಲೆ ಪ್ಯಾರಪೆಟ್ ಬೇರೆ. ಕೂಡಿಸಿದರೆ 33 ಟನ್ ಬಂತು. ಕಾಲು ಭಾಗದ ಜಾಗಕ್ಕೆ ಅರ್ಧದಷ್ಟು ಭಾರ. ಜೊತೆಗೆ ಬೀಮ್‌ಗಳು ಒಂದೊಂದೇ ಕಡೆಯಿಂದ ಎಳೆಯುತ್ತವೆ, ಎದುರು ಬದಿಯಿಂದ ಸರಿದೂಗಿಸುವ ಬೀಮ್ ಇಲ್ಲ. ಮೂಲೆ ಕಾಲಂ ಎರಡೂ ದಿಕ್ಕಿಗೆ ಬಾಗುತ್ತದೆ. 300 x 300 ಅಲ್ಲಿ ಐಷಾರಾಮ ಅಲ್ಲ.

ಕಾಂಕ್ರೀಟ್ ಗ್ರೇಡ್ ಹೆಚ್ಚಿಸುವ ಮಾತೂ ಬಂತು. ಎಂ25 ಬದಲು ಎಂ30 ಹಾಕಿದರೆ 13.25 ಇದ್ದದ್ದು 15.2 ಆಗುತ್ತದೆ. ಬೇಕಾದ ವಿಸ್ತೀರ್ಣ 13 ಶೇಕಡಾ ಇಳಿಯುತ್ತದೆ. ಆದರೆ ಕಣ್ಣಿಗೆ ಕಾಣುವುದು ವಿಸ್ತೀರ್ಣ ಅಲ್ಲ, ಬದಿ. ಚೌಕ ಕಾಲಂನಲ್ಲಿ 300 ಎಂಎಂ ಬದಿ 280 ಆಗುತ್ತದೆ. 20 ಎಂಎಂ ಉಳಿತಾಯಕ್ಕೆ ಸೈಟಿನಲ್ಲಿ ನೀರು ಸಿಮೆಂಟ್ ಅಳತೆಯ ಮೇಲೆ ಇನ್ನೂ ಹೆಚ್ಚು ಕಾವಲು ಬೇಕು, ಅದೂ 300ರ ಕನಿಷ್ಠ ಮಿತಿ ಇದ್ದೇ ಇರುವಾಗ. ಬೇಡ ಅಂದೆ.

ಕಾಲಂ ಬದಲು ಗೋಡೆಯೊಳಗೆ ಅಡಗುವ ಕಾಂಕ್ರೀಟ್ ಗೋಡೆ ಕೊಡಬಹುದು. ಅದರ ದಪ್ಪ 150 ಎಂಎಂವರೆಗೂ ಇಳಿಯಬಹುದು, ಆದರೆ ಉದ್ದ ದಪ್ಪದ ನಾಲ್ಕು ಪಟ್ಟಾದರೂ ಇರಬೇಕು. ಎರಡೂ ದಿಕ್ಕಿಗೆ ಸಮತೂಕವಾಗಿ ಕೂರಿಸಬೇಕು. ಈ ಮನೆಯ ಪ್ಲಾನ್‌ನಲ್ಲಿ ಕಿಟಕಿ, ಬಾಗಿಲು ತಪ್ಪಿಸಿ ಹಾಗೆ ಕೂರಿಸಲು ಜಾಗ ಸಿಗಲಿಲ್ಲ.

ಕೊನೆಗೆ ಏನಾಯಿತು

ಕಾಲಂ ಸಣ್ಣದಾಗಬೇಕಿದ್ದರೆ ಭಾರ ಸಣ್ಣದಾಗಬೇಕು. ಸ್ಲ್ಯಾಬ್ ಮುಟ್ಟುವಂತಿಲ್ಲ, ಬೀಮ್ ಮುಟ್ಟುವಂತಿಲ್ಲ. ಉಳಿದದ್ದು ಗೋಡೆ. ಒಳಗೋಡೆಗಳಿಗೆ ಇಟ್ಟಿಗೆ ಬದಲು ಎಎಸಿ ಅನ್ನುವ ಹಗುರ ಕಾಂಕ್ರೀಟಿನ 100 ಎಂಎಂ ಬ್ಲಾಕ್ ಹಾಕಲು ಅವರು ಒಪ್ಪಿದರು. 5 ಟನ್ ಇದ್ದ ಗೋಡೆ 2 ಟನ್‌ಗೆ ಇಳಿಯಿತು. ಮೂರು ಮಹಡಿಗೆ 9 ಟನ್ ಕಡಿಮೆ, ಸಿ5ರ ಭಾರ 68ರಿಂದ 59ಕ್ಕೆ ಬಂತು. ಕಟ್ಟಡದ ತೂಕ ಇಳಿದರೆ ಭೂಕಂಪದ ಬಲವೂ ಅದೇ ಲೆಕ್ಕದಲ್ಲಿ ಇಳಿಯುತ್ತದೆ, ಇದು ಎರಡನೇ ಲಾಭ. ಪೂರ್ತಿ ಫ್ರೇಮ್ ಅನಾಲಿಸಿಸ್ ಮತ್ತೆ ಮಾಡಿದಾಗ ಮಧ್ಯದ ಕಾಲಂಗಳು ನೆಲಮಹಡಿ ಮತ್ತು ಒಂದನೇ ಮಹಡಿಯಲ್ಲಿ 300 x 400ರಲ್ಲಿ ನಿಂತವು. ಅದರ ಮೇಲೆ ಎರಡೇ ಸ್ಲ್ಯಾಬಿನ ಭಾರ ಇರುವುದರಿಂದ 300 x 300 ಸಾಕಾಯಿತು.

ಉಬ್ಬು ಕಾಣಬಾರದು ಅನ್ನುವ ಮೂಲ ಬೇಡಿಕೆಗೆ ಪರಿಹಾರ ಸಿಕ್ಕಿದ್ದು ಲೆಕ್ಕದಲ್ಲಿ ಅಲ್ಲ, ಗೋಡೆ ಸರಿಸುವುದರಲ್ಲಿ. ಸಿ5ರ ಬಳಿ ಗೋಡೆಯನ್ನು ಕಾಲಂ ನಡುವಿಗೆ ಕಟ್ಟುವ ಬದಲು ಹಾಲ್ ಕಡೆಯ ಮುಖಕ್ಕೆ ಸಮ ಮಾಡಿದೆವು. ಹಾಲ್‌ನಲ್ಲಿ ಗೋಡೆ ಒಂದೇ ಸಪಾಟಾಗಿ ಹೋಗುತ್ತದೆ. ಕಾಲಂ 200 ಎಂಎಂ ಹಿಂದಕ್ಕೆ, ಮಲಗುವ ಕೋಣೆಗೆ ಚಾಚುತ್ತದೆ. ಅಲ್ಲಿ ಹೇಗೂ 600 ಎಂಎಂ ಆಳದ ವಾರ್ಡ್‌ರೋಬ್ ಬರುತ್ತಿತ್ತು, ಅದು ಇದನ್ನು ನುಂಗಿಕೊಂಡಿತು. ಗೋಡೆ ಬೀಮ್‌ನ ನಡುವಿನಿಂದ ಅಂಚಿಗೆ ಸರಿದಿದ್ದಕ್ಕೆ ಬೀಮ್ ತಿರುಚುವಿಕೆಯನ್ನೂ ಒಮ್ಮೆ ನೋಡಿಕೊಂಡೆ. ಹಗುರ ಬ್ಲಾಕ್ ಆದ್ದರಿಂದ ತೊಂದರೆ ಬರಲಿಲ್ಲ. ಹೊರಗೋಡೆಯ ಕಾಲಂಗಳಲ್ಲಿ 70 ಎಂಎಂ ಉಬ್ಬು ಉಳಿಯುತ್ತದೆ. ಅದನ್ನು ಹೊರಮುಖಕ್ಕೆ ತಳ್ಳಿ, ಮುಂಭಾಗದಲ್ಲಿ ಉದ್ದ ಪಟ್ಟಿಯಂತೆ ಕಾಣುವ ಹಾಗೆ ಆರ್ಕಿಟೆಕ್ಟ್ ಸೇರಿಸಿಕೊಂಡರು.

ಫೂಟಿಂಗ್ ಬಗ್ಗೆಯೂ ಒಂದು ಮಾತು. ಕಾಲಂ ಸಪೂರ ಆದರೆ ಫೂಟಿಂಗ್ ಕೂಡ ಸಣ್ಣದಾಗುತ್ತೆ ಅಂತ ಮೇಸ್ತ್ರಿ ಅಂದುಕೊಂಡಿದ್ದರು. ಫೂಟಿಂಗ್ ಅಗಲ ನಿಗದಿ ಮಾಡುವುದು ಭಾರ ಮತ್ತು ಮಣ್ಣು, ಕಾಲಂ ಅಳತೆ ಅಲ್ಲ. ಮೊದಲ ಲೆಕ್ಕದ 68 ಟನ್‌ಗೆ ನೆಲಮಹಡಿಯ ಗೋಡೆ, ಪ್ಲಿಂತ್ ಬೀಮ್, ಫೂಟಿಂಗಿನ ಸ್ವಂತ ತೂಕ ಸೇರಿಸಿದರೆ 82 ಟನ್. ಮಣ್ಣು ಪರೀಕ್ಷೆಯಲ್ಲಿ ಚದರ ಮೀಟರ್‌ಗೆ 20 ಟನ್ ಬಂದಿತ್ತು. 4.1 ಚದರ ಮೀಟರ್ ಬೇಕು, ಅಂದರೆ 2.1 ಮೀಟರ್ ಚೌಕ. ಇಲ್ಲಿ ಒಂದೂವರೆ ಪಟ್ಟು ಮಾಡುವುದಿಲ್ಲ, ಮಣ್ಣಿನ ಅಂಕಿಯಲ್ಲೇ ಸುರಕ್ಷತೆ ಸೇರಿರುತ್ತದೆ. ಕಾಲಂ ಸಪೂರ ಆದರೆ ಫೂಟಿಂಗ್ ಇನ್ನೂ ದಪ್ಪ ಬೇಕಾಗುತ್ತದೆ. ಅಷ್ಟೂ ಭಾರ ಸಣ್ಣ ಜಾಗದಲ್ಲಿ ಚುಚ್ಚುವುದರಿಂದ ಕಾಲಂ ಫೂಟಿಂಗನ್ನೇ ತೂತು ಮಾಡಿಕೊಂಡು ಇಳಿಯಲು ನೋಡುತ್ತದೆ.

ಸಹಿ ಹಾಕುವ ಮುಂಚೆ ಯಜಮಾನರು ಇನ್ನೊಂದು ಕೇಳಿದರು: ಮುಂದೆ ತಾರಸಿ ಮೇಲೆ ಒಂದು ಕೋಣೆ ಎಬ್ಬಿಸಬಹುದಾ? ಈ 300 x 400 ಲೆಕ್ಕದಲ್ಲಿ ಅದಿಲ್ಲ. ತಾರಸಿಯೇ ಮಹಡಿ ಆಗಿ ಅದರ ಮೇಲೊಂದು ಸ್ಲ್ಯಾಬ್ ಬಂದರೆ ಸಿ5ಕ್ಕೆ 14, 15 ಟನ್ ಹೆಚ್ಚುತ್ತದೆ. ಎಎಸಿ ಬ್ಲಾಕ್‌ನಿಂದ ಉಳಿಸಿದ್ದಕ್ಕಿಂತ ಅದೇ ಜಾಸ್ತಿ. ಬೇಕು ಅಂದರೆ ಫೂಟಿಂಗ್ ಅಗೆಯುವ ಮುಂಚೆ ಹೇಳಬೇಕು. ಅವರು ಮನೆಯವರನ್ನು ಕೇಳಿ ಬಂದು ಬೇಡ ಅಂದರು. ಕಾಲಂ ಡ್ರಾಯಿಂಗ್‌ನ ಮೇಲೆ "ನೆಲಮಹಡಿ ಮತ್ತು ಮೂರು ಮಹಡಿಗೆ ಮಾತ್ರ, ಒಳಗೋಡೆ 100 ಎಂಎಂ ಎಎಸಿ ಬ್ಲಾಕ್" ಅಂತ ದೊಡ್ಡ ಅಕ್ಷರದಲ್ಲಿ ಬರೆದು, ಇಬ್ಬರೂ ಅದರ ಕೆಳಗೆ ಸಹಿ ಹಾಕಿದೆವು.